ಒಂದೇ ಸಾಲು, ಎರಡು ಬೆಳಕು: ಗ್ರೂಪ್ ಫೋಟೊದಲ್ಲಿ ಮೈಬಣ್ಣ ಹೊಂದಿಸುವ ಬಗೆ

ಆರು ಜನ ಸಾಲಾಗಿ ನಿಂತಿದ್ದಾರೆ. ಎಡಗಡೆ ದೊಡ್ಡ ಕಿಟಕಿ, ಬಲಗಡೆ ತಲೆಯ ಮೇಲೆ ಹಳದಿ ಬೆಳಕಿನ ಎಲ್‌ಇಡಿ ಬಲ್ಬು. ಫೋಟೊ ತೆಗೆಯುವಾಗ ಯಾರಿಗೂ ಏನೂ ಅನ್ನಿಸಿರಲಿಲ್ಲ, ಏಕೆಂದರೆ ಕಣ್ಣು ಅದನ್ನು ತಾನಾಗಿಯೇ ಸರಿಮಾಡಿಕೊಂಡುಬಿಟ್ಟಿತ್ತು. ಕ್ಯಾಮೆರಾಕ್ಕೆ ಆ ದಾಕ್ಷಿಣ್ಯವಿಲ್ಲ. ಪರದೆಯ ಮೇಲೆ ನೋಡಿದರೆ ಕಿಟಕಿಯ ಪಕ್ಕದ ಹುಡುಗಿ ಚಳಿಜ್ವರದಿಂದ ಎದ್ದು ಬಂದವಳಂತೆ ನೀಲಿಗಟ್ಟಿದ್ದಳು. ಬಲತುದಿಯ ಅಜ್ಜ ಕುಲುಮೆಯ ಮುಂದೆ ಕೂತವರಂತೆ ಕೆಂಡಗೆಂಪಾಗಿದ್ದರು. ನಡುವಿನ ನಾಲ್ವರು ಆ ಎರಡು ಬಣ್ಣಗಳ ನಡುವೆ ಹಂಚಿಹೋಗಿದ್ದರು. ಅವರಲ್ಲಿ ಒಬ್ಬನಿಗಂತೂ ಒಂದು ಕೆನ್ನೆ ನೀಲಿ, ಇನ್ನೊಂದು ಕಿತ್ತಳೆ.

ಇಂಥ ಚಿತ್ರ ಕೈಗೆ ಬಂದಾಗ ಹೆಚ್ಚಿನವರು ಮಾಡುವ ಕೆಲಸ ಒಂದೇ. ಚೆನ್ನಾಗಿ ಬಂದಿರುವ ಒಂದು ಮುಖವನ್ನು ಆರಿಸಿಕೊಂಡು, ಉಳಿದವರನ್ನೆಲ್ಲ ಅದರ ಬಣ್ಣಕ್ಕೆ ಎಳೆದು ತರುವುದು. ನಾನೂ ಬಹಳ ಕಾಲ ಹಾಗೆಯೇ ಮಾಡಿದ್ದೇನೆ, ಪ್ರತಿ ಸಲವೂ ಎಲ್ಲರೂ ಒಂದೇ ಡಬ್ಬಿಯ ಬಣ್ಣ ಬಳಿದುಕೊಂಡವರಂತೆ ಕಂಡಿದ್ದಾರೆ. ಆರು ಜನರಿಗೆ ಆರು ಮೈಬಣ್ಣ ಇರುವುದು ತಪ್ಪಲ್ಲ. ತಪ್ಪಾಗಿರುವುದು ಅವರ ಮೇಲೆ ಬಿದ್ದ ಬೆಳಕು. ಆದ್ದರಿಂದ ಹೊಂದಿಸಬೇಕಾದದ್ದು ಬೆಳಕನ್ನು. ಬೆಳಕು ಹೊಂದಿಕೊಂಡ ಮೇಲೂ ಉಳಿಯುವ ವ್ಯತ್ಯಾಸ ಆ ಮನುಷ್ಯರದ್ದು, ಅದನ್ನು ಮುಟ್ಟುವ ಹಕ್ಕು ನಮಗಿಲ್ಲ.

ಈ ಆರು ಜನರ ಚಿತ್ರವನ್ನೇ ಇಟ್ಟುಕೊಂಡು ಒಂದೊಂದೇ ಹೆಜ್ಜೆ ನೋಡೋಣ. ನಾನು ಬಳಸಿದ್ದು ಲೈಟ್‌ರೂಮ್ ಕ್ಲಾಸಿಕ್. ಮಾಸ್ಕ್ ಹಾಕಲು ಮತ್ತು ಬಣ್ಣದ ಅಂಕಿ ಓದಲು ಬರುವ ಯಾವ ತಂತ್ರಾಂಶದಲ್ಲಾದರೂ ಇದೇ ಕೆಲಸ ಮಾಡಬಹುದು. ಚಿತ್ರ ರಾ ಕಡತವಾಗಿದ್ದರೆ ಒಳ್ಳೆಯದು. ಜೆಪೆಗ್ ಆಗಿದ್ದರೆ ಇದೇ ದಾರಿಯಲ್ಲಿ ಅರ್ಧ ದೂರ ಹೋಗಬಹುದು, ಅದಕ್ಕಿಂತ ಮುಂದೆ ಎಳೆದರೆ ಚರ್ಮದ ಮೇಲೆ ಬಣ್ಣದ ತೇಪೆಗಳು ಏಳುತ್ತವೆ.

ಕಣ್ಣನ್ನು ನಂಬುವ ಮೊದಲು

ಪರದೆಯ ರಾತ್ರಿ ಮೋಡನ್ನು ಆಫ್ ಮಾಡಿ. ಇದು ಸಣ್ಣ ಮಾತೆಂದು ಕಾಣಬಹುದು. ಆದರೆ ಸಂಜೆಯ ಹೊತ್ತಿಗೆ ತಾನಾಗಿ ಹಳದಿಗೆ ತಿರುಗುವ ಪರದೆಯ ಮುಂದೆ ಕೂತು ಎರಡು ಗಂಟೆ ಬಣ್ಣ ತಿದ್ದಿ, ಬೆಳಿಗ್ಗೆ ಎದ್ದು ನೋಡಿದಾಗ ಎಲ್ಲರೂ ನೀಲಿಯಾಗಿದ್ದುದನ್ನು ನಾನು ಕಂಡಿದ್ದೇನೆ.

ಇನ್ನೊಂದು ಮೋಸ ಕಣ್ಣಿನೊಳಗೇ ಇದೆ. ಕಡುನೀಲಿ ಅಂಗಿ ತೊಟ್ಟವನ ಮುಖ ಇರುವುದಕ್ಕಿಂತ ಹೆಚ್ಚು ಕಿತ್ತಳೆಯಾಗಿ ಕಾಣುತ್ತದೆ, ಕೆಂಪು ಸೀರೆಯ ಪಕ್ಕದ ಮುಖ ತುಸು ಹಸಿರಾಗಿ ಕಾಣುತ್ತದೆ. ಹಾಗಾಗಿ ಮೈಬಣ್ಣದ ವಿಷಯದಲ್ಲಿ ಅಂಕಿಗಳನ್ನು ಓದಿಯೇ ಮುಂದುವರಿಯಬೇಕು.

ಲೈಟ್‌ರೂಮ್ ಕ್ಲಾಸಿಕ್‌ನ `Develop` ವಿಭಾಗದಲ್ಲಿ ಹಿಸ್ಟೋಗ್ರಾಮ್ ಮೇಲೆ ಬಲಕ್ಲಿಕ್ ಮಾಡಿ `Show Lab Color Values` ಆರಿಸಿ. ಫೋಟೊಶಾಪ್‌ನಲ್ಲಾದರೆ `Info` ಫಲಕದಲ್ಲಿ ಇದೇ ಅಂಕಿಗಳು ಸಿಗುತ್ತವೆ. ಈಗ ಕರ್ಸರನ್ನು ಯಾವುದೇ ಜಾಗದ ಮೇಲಿಟ್ಟರೆ ಮೂರು ಅಂಕಿ ಕಾಣುತ್ತವೆ. L ಎಂದರೆ ಎಷ್ಟು ಬೆಳಕು, ಎಷ್ಟು ಕಪ್ಪು ಎಂಬುದು. a ಏರಿದರೆ ಕೆಂಪಿನ ಕಡೆ, ಇಳಿದರೆ ಹಸಿರಿನ ಕಡೆ. b ಏರಿದರೆ ಹಳದಿಯ ಕಡೆ, ಇಳಿದರೆ ನೀಲಿಯ ಕಡೆ. ಬಣ್ಣವೇ ಇಲ್ಲದ ಬೂದುವಿಗೆ a ಮತ್ತು b ಎರಡೂ ಸೊನ್ನೆ.

ಮೈಬಣ್ಣಕ್ಕೆ ಈ ಅಳತೆ ಹೇಳಿ ಮಾಡಿಸಿದಂತಿದೆ. ಮನುಷ್ಯರ ಚರ್ಮಕ್ಕೆ ಬಣ್ಣ ಕೊಡುವುದು ಮುಖ್ಯವಾಗಿ ಮೆಲನಿನ್ ಮತ್ತು ರಕ್ತದ ಹಿಮೋಗ್ಲೋಬಿನ್. ಕಪ್ಪು, ಗೋಧಿ, ಬಿಳಿ ಯಾವ ಮೈಬಣ್ಣವೇ ಇರಲಿ, ಬದಲಾಗುವುದು ಹೆಚ್ಚಾಗಿ L. ಕೆಂಪು-ಹಳದಿಯ ಪ್ರಮಾಣ ಒಂದು ಕಿರಿದಾದ ಪಟ್ಟಿಯೊಳಗೇ ಇರುತ್ತದೆ. ವಿಡಿಯೊ ಸಂಕಲನ ಮಾಡುವವರು ಬಣ್ಣ ಅಳೆಯುವ ವೆಕ್ಟರ್‌ಸ್ಕೋಪ್‌ನಲ್ಲಿ ಎಲ್ಲರ ಚರ್ಮಕ್ಕೂ ಒಂದೇ ಗೆರೆಯನ್ನು ನೋಡಿಕೊಳ್ಳುವುದು ಇದೇ ಕಾರಣಕ್ಕೆ. ನನ್ನ ಲೆಕ್ಕ ಒರಟಾದದ್ದು: ಸರಿಯಾದ ಬೆಳಕಿನಲ್ಲಿ a ಹತ್ತರಿಂದ ಇಪ್ಪತ್ತರೊಳಗೆ ಇರುತ್ತದೆ, b ಅದಕ್ಕೆ ಸಮವಾಗಿ ಅಥವಾ ಅದಕ್ಕಿಂತ ತುಸು ಮೇಲೆ, ಹೆಚ್ಚೆಂದರೆ ಒಂದೂವರೆ ಪಟ್ಟು. ಇದು ಶಾಸನವಲ್ಲ, ಅನುಮಾನ ಬಂದಾಗ ಹಿಡಿದುಕೊಳ್ಳುವ ಕೈಗೋಲು.

ಈ ಕೈಗೋಲಿನಿಂದ ರೋಗವನ್ನು ಗುರುತಿಸುವುದು ಸುಲಭ. b ಅಂಕಿ a ಗಿಂತ ಕೆಳಗೆ ಬಿದ್ದಿದ್ದರೆ ಆ ಮುಖದ ಮೇಲೆ ನೀಲಿ ಬೆಳಕು ಬಿದ್ದಿದೆ. b ಎರಡು ಪಟ್ಟಾಗಿದ್ದರೆ, ಒಂದೋ ಹಳದಿ ಬೆಳಕು, ಇಲ್ಲವೇ ಹಸಿರು ಸೇರಿಕೊಂಡು a ಕುಸಿದಿದೆ. ಎರಡರಲ್ಲಿ ಯಾವುದೆಂದು a ಅಂಕಿಯೇ ಹೇಳುತ್ತದೆ. ಮದ್ದೂ ಅಲ್ಲಿಯೇ ಇದೆ: `Temp` ಎಳೆದರೆ ಮುಖ್ಯವಾಗಿ b ಓಡಾಡುತ್ತದೆ, `Tint` ಎಳೆದರೆ ಮುಖ್ಯವಾಗಿ a.

ಎಲ್ಲಿ ಅಳೆಯಬೇಕು

ಹಣೆಯ ಮೇಲೆ ಹೊಳೆಯುವ ಜಾಗದಲ್ಲಿ ಅಳೆಯಬೇಡಿ. ಅಲ್ಲಿ ಕಾಣುವುದು ಚರ್ಮವಲ್ಲ, ದೀಪದ ಪ್ರತಿಬಿಂಬ. ಮೂಗಿನ ತುದಿ, ಕಿವಿ, ತುಟಿಯ ಸುತ್ತ ಇವೆಲ್ಲ ಸಹಜವಾಗಿಯೇ ಕೆಂಪು. ಕೆನ್ನೆಗೆ ಬಣ್ಣ ಹಚ್ಚಿಕೊಂಡಿರಬಹುದು. ನಾನು ಆರಿಸುವುದು ಕಣ್ಣಿನ ಕೆಳಗಿನಿಂದ ಕಿವಿಯ ಕಡೆ ಹೋಗುವ ಚಪ್ಪಟೆ ಜಾಗ. ಮೂರು ನಾಲ್ಕು ಕಡೆ ಕರ್ಸರ್ ಇಟ್ಟು ನೋಡಿ, ನಡುವಿನ ಅಂಕಿಯನ್ನು ಕಾಗದದ ಮೇಲೆ ಬರೆದುಕೊಳ್ಳುತ್ತೇನೆ. ಒಬ್ಬರ ಬೆಳಕಿನ ಕೆನ್ನೆಯನ್ನು ಇನ್ನೊಬ್ಬರ ನೆರಳಿನ ಕೆನ್ನೆಯ ಜೊತೆ ಹೋಲಿಸಬಾರದು ಎಂಬುದನ್ನು ಬೇರೆ ಹೇಳಬೇಕಿಲ್ಲ.

ನಮ್ಮ ಚಿತ್ರದಲ್ಲಿ ಕ್ಯಾಮೆರಾ ತಾನೇ ಆರಿಸಿದ ವೈಟ್ ಬ್ಯಾಲೆನ್ಸ್ 4400 ಕೆಲ್ವಿನ್, ಅಂದರೆ ಎರಡೂ ಬೆಳಕಿನ ನಡುವೆ ಎಲ್ಲೋ ಒಂದು ಕಡೆ. ಹುಡುಗಿಯ ಕೆನ್ನೆ a 9, b 5. ಅಜ್ಜನ ಕೆನ್ನೆ a 17, b 31. ಒಂದು ಕಡೆ ನೀಲಿ, ಇನ್ನೊಂದು ಕಡೆ ಹಳದಿ. ಅಂಕಿಯೂ ಕಣ್ಣೂ ಇಲ್ಲಿ ಒಂದೇ ಮಾತು ಹೇಳುತ್ತಿದ್ದವು.

ಮೊದಲು ಒಂದು ಬೆಳಕನ್ನು ನೆಲೆಗೆ ತರುವುದು

ಎರಡು ಬೆಳಕಿನಲ್ಲಿ ಒಂದನ್ನು ಆಧಾರವಾಗಿ ಇಟ್ಟುಕೊಳ್ಳಬೇಕು. ಹೆಚ್ಚು ಜನರ ಮೇಲೆ ಯಾವುದು ಬಿದ್ದಿದೆಯೋ ಅದು. ಸಮಸಮವಾಗಿದ್ದರೆ ನಾನು ಕಿಟಕಿಯ ಬೆಳಕನ್ನೇ ಆರಿಸುತ್ತೇನೆ. ಹಗಲಿನ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ತುಂಬಿಕೊಂಡಿರುತ್ತವೆ. ಅಗ್ಗದ ಬಲ್ಬಿನಲ್ಲಿ ಕಡುಗೆಂಪು ಕಡಿಮೆ ಇರುತ್ತದೆ, ಅದು ಚರ್ಮಕ್ಕೆ ಜೀವ ಕೊಡುವ ಭಾಗವೇ.

ಇಲ್ಲಿ ನಾನು ಎಡವಿದೆ. ಹುಡುಗಿ ಬಿಳಿ ಅಂಗಿ ತೊಟ್ಟಿದ್ದಳು. ವೈಟ್ ಬ್ಯಾಲೆನ್ಸ್‌ನ ಡ್ರಾಪರ್ ತೆಗೆದುಕೊಂಡು ಅಂಗಿಯ ಮೇಲೆ ಒತ್ತಿದೆ. `Temp` 6300ಕ್ಕೆ ಹೋಯಿತು, ಅಂಗಿ ಶುದ್ಧ ಬಿಳಿಯಾಯಿತು, ಮುಖ ಕಾಮಾಲೆ ಹಿಡಿದಂತೆ ಹಳದಿಯಾಯಿತು. ಅಂಕಿ ನೋಡಿದರೆ a 10, b 20. ಕೈಗೋಲು ಒಪ್ಪದ ಪ್ರಮಾಣ.

ಕಾರಣ ಅಂಗಿಯಲ್ಲೇ ಇತ್ತು. ಬಿಳಿ ಬಟ್ಟೆಗೂ ಬಟ್ಟೆ ಒಗೆಯುವ ಪುಡಿಗೂ ಹೊಳಪು ಕೊಡುವ ರಾಸಾಯನಿಕ ಸೇರಿಸಿರುತ್ತಾರೆ. ಅದು ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಹಾಕುತ್ತದೆ. ಕಿಟಕಿಯ ಬೆಳಕಿನಲ್ಲಿ ಅತಿನೇರಳೆ ಇದೆ, ಆದ್ದರಿಂದ ಅಂಗಿ ತಾನೇ ನೀಲಿಯಾಗಿ ಹೊಳೆಯುತ್ತಿತ್ತು. ಎಲ್‌ಇಡಿ ಬಲ್ಬಿನಲ್ಲಿ ಅದು ಇಲ್ಲವೆಂದೇ ಹೇಳಬೇಕು, ಅದರ ಕೆಳಗಿನ ಅಂಗಿ ಹಾಗೆ ಹೊಳೆಯುವುದಿಲ್ಲ. ಅಂದರೆ ಎರಡು ಬಿಳಿ ಅಂಗಿಗಳನ್ನು ಸಮ ಮಾಡಿದರೆ ಎರಡು ಬೆಳಕುಗಳು ಸಮವಾಗುವುದಿಲ್ಲ. ಅಚ್ಚುಬಿಳಿ ಕಾಗದಕ್ಕೂ ಇದೇ ಮಾತು.

ಹಾಗಾದರೆ ಸಾಕ್ಷಿ ಯಾವುದು? ಇಲ್ಲಿ ಎಲ್ಲರ ಹಿಂದೆಯೂ ಒಂದೇ ಬಣ್ಣ ಬಳಿದ ಗೋಡೆ ಇತ್ತು. ಗೋಡೆ ಬೂದು ಆಗಿರಬೇಕೆಂದೇನೂ ಇಲ್ಲ, ಎಡದಿಂದ ಬಲಕ್ಕೆ ಒಂದೇ ಬಣ್ಣದ್ದಾಗಿದ್ದರೆ ಸಾಕು. ಗೋಡೆ ಇಲ್ಲದಿದ್ದರೆ ಎಲ್ಲರೂ ತೊಟ್ಟ ಸಮವಸ್ತ್ರ, ಉದ್ದನೆಯ ಬೆಂಚಿನ ಅಂಚು, ನೆಲದ ಒಂದೇ ಬಗೆಯ ಹಾಸುಗಲ್ಲು, ಕೊನೆಗೆ ಕಣ್ಣಿನ ಬಿಳಿಭಾಗವಾದರೂ ಆದೀತು. ಕಣ್ಣಿನ ಬಿಳಿ ನಿಜವಾಗಿ ಬಿಳಿಯಲ್ಲ, ಆದರೆ ಹೋಲಿಕೆಗೆ ಬರುತ್ತದೆ. ಗೋಡೆಯ ವಿಷಯದಲ್ಲಿ ಒಂದು ಎಚ್ಚರ ಬೇಕು. ಅದು ಜನರಿಗಿಂತ ಹಿಂದೆ ಇರುವುದರಿಂದ ಎರಡು ಬೆಳಕೂ ಅಲ್ಲಿ ಇನ್ನಷ್ಟು ಬೆರೆತಿರುತ್ತವೆ. ಮುಖದ ಪಕ್ಕದಲ್ಲೇ ಕಾಣುವ ಗೋಡೆಯನ್ನು ಅಳೆಯಿರಿ, ದೀಪದ ಹತ್ತಿರದ್ದನ್ನಲ್ಲ.

ನಾನು `Temp` ಅನ್ನು 5700ಕ್ಕೆ ಹಿಂದಕ್ಕೆ ತಂದೆ. ಹುಡುಗಿಯ ಕೆನ್ನೆ a 11, b 14 ಆಯಿತು. ಅಂಗಿಯ b ಸೊನ್ನೆಗಿಂತ ಮೂರು ಕೆಳಗೆ, ತುಸು ನೀಲಿಯಾಗಿ ಉಳಿಯಿತು, ಉಳಿಯಲಿ. ಅವಳ ಪಕ್ಕದ ಇಬ್ಬರನ್ನೂ ನೋಡಿದೆ: ತಾಯಿ a 13, b 16, ಮೂರನೆಯವನು a 14, b 19. ಮೂವರೂ ಬೇರೆ ಬೇರೆ, ಮೂವರೂ ಪಟ್ಟಿಯೊಳಗೆ. ಅವರ ಬೆನ್ನ ಹಿಂದಿನ ಗೋಡೆಯ ಅಂಕಿ ಮೂರೂ ಕಡೆ ಹೆಚ್ಚು ಕಡಿಮೆ ಒಂದೇ ಇತ್ತು. ಅಂದರೆ ಮೂವರ ಬೆಳಕು ಒಂದೇ, ಉಳಿದ ವ್ಯತ್ಯಾಸ ಅವರ ಸ್ವಂತದ್ದು. ಅಲ್ಲಿಗೆ ಎಡಗಡೆಯ ಕೆಲಸ ಮುಗಿಯಿತು.

ಮಾಸ್ಕ್ ಬೆಳಕಿಗೆ, ವ್ಯಕ್ತಿಗೆ ಅಲ್ಲ

ಈಗ ಬಲಗಡೆ ಮೊದಲಿಗಿಂತ ಕೆಟ್ಟಿತು. ಅಜ್ಜ a 19, b 41. ಗಾಬರಿಯಾಗಬೇಕಿಲ್ಲ, ಇದು ನಿರೀಕ್ಷಿತವೇ.

ಇಲ್ಲಿ `Select People` ಒತ್ತಿ ಅಜ್ಜನ ಮುಖವನ್ನು ಮಾತ್ರ ಆರಿಸುವ ಆಸೆ ಬರುತ್ತದೆ. ಆ ಆಸೆಗೆ ಬಿದ್ದರೆ ಸರಿಯಾದ ಬಣ್ಣದ ಮುಖವೊಂದು ಕಿತ್ತಳೆ ಕುತ್ತಿಗೆಯ ಮೇಲೆ, ಕಿತ್ತಳೆ ಅಂಗಿಯ ಮೇಲೆ ಕೂತಿರುತ್ತದೆ. ಬಲ್ಬು ಮುಖವನ್ನು ಹುಡುಕಿಕೊಂಡು ಬೆಳಗಿಲ್ಲ, ಅದು ಕೂದಲು, ಕೈ, ಬಟ್ಟೆ, ಗೋಡೆ ಎಲ್ಲದರ ಮೇಲೂ ಬಿದ್ದಿದೆ. ಮಾಸ್ಕ್ ಕೂಡ ಅದೇ ಆಕಾರದಲ್ಲಿರಬೇಕು. ಬಲ್ಬಿನ ಬೆಳಕು ವೃತ್ತಾಕಾರವಾಗಿ ಹರಡಿ ದೂರಕ್ಕೆ ಹೋದಂತೆ ಬೇಗ ಕ್ಷೀಣಿಸುತ್ತದೆ. ಆದ್ದರಿಂದ ನಾನು `Radial Gradient` ಎಳೆದೆ. ಅದರ ನಡುವನ್ನು ಅಜ್ಜನ ತಲೆಯ ಹತ್ತಿರ ಇಟ್ಟೆ, ಅಂಚು ನಾಲ್ಕನೆಯವನ ಭುಜದವರೆಗೆ ಬರುವಂತೆ ಮಾಡಿ, `Feather` ಅನ್ನು ಪೂರ್ತಿ ಏರಿಸಿದೆ. ಟ್ಯೂಬ್‌ಲೈಟಿನ ಸಾಲಾಗಿದ್ದರೆ ಅಥವಾ ಬೆಳಕು ಒಂದು ಬದಿಯಿಂದ ಬಂದಿದ್ದರೆ `Linear Gradient` ಹೊಂದುತ್ತದೆ.

ಮಾಸ್ಕಿನೊಳಗೆ `Temp` ಅನ್ನು ನೀಲಿಯ ಕಡೆ ಎಳೆಯುತ್ತ ಅಜ್ಜನ ಕೆನ್ನೆಯ b ಮೇಲೆ ಕಣ್ಣಿಟ್ಟೆ. ಅದು 41ರಿಂದ 20ರ ಆಸುಪಾಸಿಗೆ ಇಳಿಯಿತು. ಆದರೆ ಜೊತೆಯಲ್ಲೇ a ಕೂಡ 9ಕ್ಕೆ ಇಳಿದು, ಮುಖ ಪಾಚಿಗಟ್ಟಿದಂತೆ ಕಂಡಿತು. ಹಳದಿಯ ಅಡಿಯಲ್ಲಿ ಅಡಗಿದ್ದ ಹಸಿರು ಹಳದಿ ಕರಗಿದಾಗ ಮೇಲೆ ಬಂದಿತ್ತು. ಬಹಳ ಎಲ್‌ಇಡಿ ಬಲ್ಬುಗಳಲ್ಲೂ ಟ್ಯೂಬ್‌ಲೈಟುಗಳಲ್ಲೂ ಈ ಹಸಿರು ಇರುತ್ತದೆ. ಹೆಚ್ಚಿನವರು ಇಲ್ಲಿ ದಾರಿ ತಪ್ಪುತ್ತಾರೆ: ಮುಖ ಇನ್ನೂ ಹಳದಿಯಾಗಿಯೇ ಇದೆಯೆಂದುಕೊಂಡು `Temp` ಅನ್ನೇ ಮತ್ತಷ್ಟು ಎಳೆಯುತ್ತಾರೆ, ಮುಖ ಬೂದಿಯಾಗುತ್ತದೆ. ಬೇಕಾದದ್ದು `Tint` ಅನ್ನು ಮೆಜೆಂಟಾ ಕಡೆ ಸ್ವಲ್ಪ ಸರಿಸುವುದು. ಸರಿಸಿದಾಗ a 14ಕ್ಕೆ, b 21ಕ್ಕೆ ನಿಂತಿತು.

21 ಸ್ವಲ್ಪ ಹೆಚ್ಚೇ. ಅಜ್ಜನ ಬೆನ್ನ ಹಿಂದಿನ ಗೋಡೆಯೂ ಎಡಗಡೆಯದಕ್ಕಿಂತ ಆರೇಳು ಅಂಕಿ ಹಳದಿಯಾಗಿಯೇ ಇತ್ತು. ಬೇಕೆಂದೇ ಬಿಟ್ಟೆ. ಚಿತ್ರದಲ್ಲಿ ಬಲ್ಬು ಕಾಣುತ್ತಿದೆ, ಅದು ಹಳದಿಯಾಗಿ ಉರಿಯುತ್ತಿದೆ. ಅದರ ಕೆಳಗೆ ನಿಂತವರ ಮೇಲೆ ಹಳದಿಯ ಸುಳಿವೇ ಇಲ್ಲದಿದ್ದರೆ ಬೇರೆಲ್ಲಿಂದಲೋ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ವ್ಯತ್ಯಾಸದ ಮುಕ್ಕಾಲು ಪಾಲು ತೆಗೆದು ಕಾಲು ಪಾಲು ಉಳಿಸುವುದು ನನ್ನ ರೂಢಿ. ದೀಪ ಚೌಕಟ್ಟಿನ ಹೊರಗಿದ್ದರೆ ಇನ್ನಷ್ಟು ತೆಗೆಯಬಹುದು.

ಎರಡು ಕೆನ್ನೆಯ ನಾಲ್ಕನೆಯವನು

ಕಷ್ಟದ ಮುಖ ಇವನದು. ಎಡಗೆನ್ನೆಗೆ ಕಿಟಕಿ, ಬಲಗೆನ್ನೆಗೆ ಬಲ್ಬು, ಮೂಗಿನ ಗೆರೆಯ ಮೇಲೆ ಗಡಿ. ದುಂಡು ಮಾಸ್ಕ್ ಅವನ ಮೇಲೆ ಸವರಿಕೊಂಡು ಹೋಗಿದೆ, ಆದರೆ ಎರಡು ಕೆನ್ನೆಯ ಭೇದ ಅದಕ್ಕೆ ತಿಳಿಯದು.

ಅವನಿಗಾಗಿ ಇನ್ನೊಂದು ಮಾಸ್ಕ್ ಮಾಡಿದೆ. ಮೊದಲು `Select People` ಮೂಲಕ ಅವನ ಚರ್ಮ, ಆಮೇಲೆ ಅದನ್ನು `Intersect Mask With` ಬಳಸಿ `Color Range` ಜೊತೆ ಛೇದಿಸಿ, ಕಿತ್ತಳೆ ಕೆನ್ನೆಯ ಮೇಲೆ ಒತ್ತಿದೆ. ಈಗ ಮಾಸ್ಕ್ ಕಿತ್ತಳೆ ಇರುವಲ್ಲಿ ಮಾತ್ರ ಹಿಡಿಯಿತು. ಮುಖವನ್ನಷ್ಟೇ ಆರಿಸಬೇಡಿ ಎಂದು ಹಿಂದೆ ಹೇಳಿದವನು ಇಲ್ಲಿ ಅದನ್ನೇ ಮಾಡಿದೆ. ಬೆಳಕಿನ ಗಡಿ ಮುಖದ ಮೇಲೆಯೇ ಹಾದುಹೋಗುವಾಗ ಬೇರೆ ದಾರಿಯಿಲ್ಲ. `Temp` ಸ್ವಲ್ಪ ಇಳಿಸಿ, `Saturation` ಕೂಡ ಹತ್ತರಷ್ಟು ಇಳಿಸಿದೆ. ಭೇದ ಪೂರ್ತಿ ಹೋಗಲಿಲ್ಲ, ಅರ್ಧಕ್ಕೆ ಬಂತು. ಅರ್ಧ ಸಾಕು. ಎರಡು ಕೆನ್ನೆಯೂ ಒಂದೇ ಬಣ್ಣವಾದರೆ ಮುಖ ಚಪ್ಪಟೆಯಾಗುತ್ತದೆ, ಅದರ ಉಬ್ಬುತಗ್ಗನ್ನು ಹೇಳುತ್ತಿದ್ದದ್ದು ಆ ಭೇದವೇ.

ಅವನ ಗಲ್ಲದ ಕೆಳಗೆ ಪಕ್ಕದವರ ಕೆಂಪು ಬಟ್ಟೆಯ ಪ್ರತಿಫಲನ ಬಿದ್ದು ಗಾಯದಂಥ ಕೆಂಪು ಕಲೆಯೊಂದು ಉಳಿದಿತ್ತು. ಇಂಥ ಸಣ್ಣ ತೇಪೆಗೆ ಫೋಟೊಶಾಪ್‌ನಲ್ಲಿ ಖಾಲಿ ಪದರ ತೆರೆದು, ಅದರ ಬ್ಲೆಂಡ್ ಮೋಡನ್ನು `Color` ಮಾಡಿ, ಅದೇ ಮುಖದ ಸರಿಯಾದ ಜಾಗದಿಂದ ಬಣ್ಣ ತೆಗೆದುಕೊಂಡು ಮೆದು ಬ್ರಷ್‌ನಿಂದ ಶೇ. 15ರಷ್ಟು ಗಾಢತೆಯಲ್ಲಿ ಎರಡು ಮೂರು ಸಲ ಸವರಬಹುದು. ಬೆಳಕು-ನೆರಳು ಹಾಗೆಯೇ ಉಳಿದು ಬಣ್ಣ ಮಾತ್ರ ಬದಲಾಗುತ್ತದೆ. ಇಡೀ ಮುಖಕ್ಕೆ ಇದನ್ನು ಮಾಡಬೇಡಿ. ಚರ್ಮದಲ್ಲಿ ಸಹಜವಾಗಿರುವ ನೂರು ಬಗೆಯ ಕೆಂಪು-ಹಳದಿಗಳು ಒಂದೇ ಬಣ್ಣವಾಗಿ ಮೇಣದ ಗೊಂಬೆ ಉಳಿಯುತ್ತದೆ.

ಹೊಳಪು ಕೊನೆಗೆ

ಬಣ್ಣ ಹೊಂದಿದ ಮೇಲೆ ಮಾತ್ರ ಹೊಳಪಿಗೆ ಕೈಹಾಕಿ. ಕಿಟಕಿಯ ಪಕ್ಕದವರು ಹೆಚ್ಚು ಬೆಳಗಿರುತ್ತಾರೆ, ಅವರನ್ನು `Exposure` ಕಾಲು ಸ್ಟಾಪ್ ಇಳಿಸಿ, ಬಲಗಡೆಯವರನ್ನು ಅಷ್ಟೇ ಏರಿಸಿದರೆ ಸಾಕು. ಮೈಬಣ್ಣ ಕಪ್ಪಾಗಿರುವವರನ್ನು ಪಕ್ಕದವರ ಮಟ್ಟಕ್ಕೆ ಏರಿಸುವುದು ತಿದ್ದುಪಡಿಯಲ್ಲ, ಅವಮಾನ. ಅವರ ಹಿಂದಿನ ಗೋಡೆಯ L ನೋಡಿ. ಗೋಡೆ ಎರಡೂ ಕಡೆ ಸಮವಾಗಿದ್ದರೆ ಮುಖ ಹೇಗಿದೆಯೋ ಹಾಗೆ ಬಿಡಿ.

ಆಮೇಲೆ ಚಿತ್ರವನ್ನು ಅಂಗೈಯಷ್ಟು ಚಿಕ್ಕದು ಮಾಡಿ, ಹತ್ತು ನಿಮಿಷ ಬೇರೆ ಏನಾದರೂ ಮಾಡಿ ಬಂದು ನೋಡಿ. ಮೊದಲ ನೋಟಕ್ಕೆ ಯಾವ ಮುಖ ಎದ್ದು ಕಾಣುತ್ತದೆಯೋ ಅದರ ಕೆಲಸ ಬಾಕಿ ಇದೆ. ನನಗೆ ಕಂಡದ್ದು ಮುಖವಲ್ಲ, ಅಜ್ಜನ ಕೈ. ಕೆಳಗೆ ಇಳಿಬಿಟ್ಟಿದ್ದ ಆ ಕೈಗೆ ಬಲ್ಬಿನ ಬೆಳಕು ಅಷ್ಟಾಗಿ ತಲುಪಿರಲಿಲ್ಲ, ಮಾಸ್ಕ್ ಮಾತ್ರ ತಲುಪಿತ್ತು. ಕೈ ನೀಲಿಯಾಗಿತ್ತು. `Subtract` ಒತ್ತಿ ಬ್ರಷ್‌ನಿಂದ ಅಲ್ಲಿ ಮಾಸ್ಕನ್ನು ಅಳಿಸಿದೆ.

ಕೈಗೆ ಬಾರದ ಚಿತ್ರಗಳು

ಹಳದಿ ಬೆಳಕಿನಲ್ಲಿ ಮೊದಲು ತುಂಬಿ ಚೆಲ್ಲುವುದು ಕೆಂಪು ಚಾನೆಲ್. ಹಣೆಯ ಮೇಲೆ RGB ಅಂಕಿಗಳಲ್ಲಿ ಕೆಂಪು ತುತ್ತತುದಿಗೆ ಮುಟ್ಟಿ, ಉಳಿದೆರಡು ಮಾತ್ರ ಬದಲಾಗುತ್ತಿದ್ದರೆ, ಆ ಜಾಗದಲ್ಲಿ ಚರ್ಮದ ವಿವರವೇ ದಾಖಲಾಗಿಲ್ಲ. `Temp` ಎಷ್ಟು ಎಳೆದರೂ ಅದು ಹಳದಿ ತೇಪೆಯಾಗಿಯೋ ಬಿಳಿಚಿಕೊಂಡೋ ಉಳಿಯುತ್ತದೆ. ರಾ ಕಡತದಲ್ಲಿ `Highlights` ಇಳಿಸಿ ನೋಡಿ, ಅದಕ್ಕೂ ಬಗ್ಗದಿದ್ದರೆ ಬಿಟ್ಟುಬಿಡಿ.

ಬೀದಿಯ ಹಳೆಯ ಸೋಡಿಯಂ ದೀಪದ ಕೆಳಗೆ ನಿಂತವರ ಸ್ಥಿತಿ ಇನ್ನೂ ಕಠಿಣ. ಕಡಿಮೆ ಒತ್ತಡದ ಸೋಡಿಯಂ ದೀಪದ ಬೆಳಕು ಬಹುತೇಕ ಒಂದೇ ಬಣ್ಣದ್ದು, ಸುಮಾರು 589 ನ್ಯಾನೊಮೀಟರಿನ ಹಳದಿ. ಅದರ ಕೆಳಗೆ ಕೆಂಪೂ ನೀಲಿಯೂ ಇಲ್ಲ, ಇಲ್ಲದ್ದನ್ನು ತಿದ್ದಿ ತರಲಾಗದು. ಅಂಥ ಗುಂಪಿನ ಚಿತ್ರವನ್ನು ಕಪ್ಪು-ಬಿಳುಪು ಮಾಡಿ ಕೊಡಿ.

ತೆಗೆಯುವ ಮೊದಲೇ ನೀವು ಅಲ್ಲಿದ್ದರೆ ಬಲ್ಬನ್ನು ಆರಿಸುವುದೇ ಎಲ್ಲಕ್ಕಿಂತ ಸುಲಭ. ಆರಿಸಲಾಗದಿದ್ದರೆ, ಎಲ್ಲರ ಚಿತ್ರ ತೆಗೆದ ಮೇಲೆ ಇನ್ನೆರಡು ಚಿತ್ರಗಳಿಗೆ ಅವರನ್ನು ಅಲ್ಲಿಯೇ ನಿಲ್ಲಿಸಿ, ಬೂದು ಕಾರ್ಡೊಂದನ್ನು ಎಡತುದಿಯವರ ಗಲ್ಲದ ಕೆಳಗೆ ಹಿಡಿಸಿ ಒಂದು ಸಲ, ಬಲತುದಿಯವರ ಗಲ್ಲದ ಕೆಳಗೆ ಹಿಡಿಸಿ ಇನ್ನೊಂದು ಸಲ ಕ್ಲಿಕ್ಕಿಸಿ. ಆ ಎರಡು ಚಿತ್ರಗಳಿದ್ದರೆ ಗೋಡೆಯನ್ನೂ ಅಂಗಿಯನ್ನೂ ಸಾಕ್ಷಿಗೆ ಕರೆಯಬೇಕಾಗುವುದಿಲ್ಲ.